ಫೆಬ್ರವರಿಯ ನೋಟಿಸ್, ಜೂನ್ ತಿಂಗಳ ನೋಟಿಸ್

ನೇಮಕಾತಿ ಪತ್ರದಲ್ಲಿ ‘ಕೆಲಸ ಬಿಡುವವರು 60 ದಿನ ಮೊದಲೇ ತಿಳಿಸತಕ್ಕದ್ದು’ ಎಂದು ಬರೆಯುವವರ ಕಣ್ಣಿಗೆ ವರ್ಷದ ಎಲ್ಲ ದಿನಗಳೂ ಒಂದೇ ತೂಕದವು. ಕಾಫಿ ತೋಟದಲ್ಲಿ ಹಾಗಿರುವುದಿಲ್ಲ. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಗುಡ್ಡಗಳಲ್ಲಿ ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು. ಅದು ಮುಗಿಯುವ ಮೊದಲೇ ರೊಬಸ್ಟಾ ಹಣ್ಣಾಗಿ, ಫೆಬ್ರವರಿಯವರೆಗೂ ಎಳೆಯುತ್ತದೆ. ಹಣ್ಣು ಇಳಿದ ಬೆನ್ನಿಗೇ ರೊಬಸ್ಟಾಕ್ಕೆ ಹೂವು ಬಿಡಿಸಲು ಸ್ಪ್ರಿಂಕ್ಲರ್ ನೀರು, ನಂತರ ಹೂಮಳೆಗಾಗಿ ಕಾಯುವುದು, ಏಪ್ರಿಲ್–ಮೇ ತಿಂಗಳಲ್ಲಿ ಮರಗಸಿ, ಮಳೆ ಹಿಡಿಯುವ ಮೊದಲು ಬೋರ್ಡೋ ಸಿಂಪಡಣೆ. ಜೂನ್‌ನಿಂದ ಮಳೆ ಕಚ್ಚಿ ಹಿಡಿದ ಮೇಲೆ ತೋಟದ ಲೆಕ್ಕದ ಪುಸ್ತಕಗಳು ತುಸು ಉಸಿರು ಬಿಡುತ್ತವೆ. ಜನವರಿಯಲ್ಲಿ ರಾಜೀನಾಮೆ ಕೊಟ್ಟವರ 60 ದಿನಗಳೂ ಜೂನ್‌ನಲ್ಲಿ ಕೊಟ್ಟವರ 60 ದಿನಗಳೂ ಕಾಗದದ ಮೇಲೆ ಸಮಾನ, ಮಾಲೀಕರ ಲೆಕ್ಕದಲ್ಲಿ ಅಜಗಜಾಂತರ. ನೋಟಿಸ್ ಅವಧಿಗೆ ಮುಂಚೆ ಬಿಡುಗಡೆ ಕೇಳುವ ಇ–ಮೇಲ್ ಈ ಅಂತರವನ್ನು ಗಮನಿಸಿ ಬರೆದದ್ದಾಗಿರಬೇಕು, ಆಗ ಅದು ತಾನಾಗಿಯೇ ಚಿಕ್ಕದಾಗುತ್ತದೆ ಎಂಬುದು ನನ್ನ ವಾದ. ಉದ್ದದ ಪತ್ರಗಳು ಉದ್ದವಾಗುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ: ಬರೆಯುವವರು ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿರುವುದಿಲ್ಲ, ಆ ಜಾಗವನ್ನು ಮನೆಯ ಕಷ್ಟದ ವಿವರಣೆಯಿಂದ ತುಂಬುತ್ತಾರೆ.

ತೋಟದಲ್ಲಿ ಈ ಪ್ರಶ್ನೆ ಬರುವುದು ಹೆಚ್ಚಾಗಿ ರೈಟರ್, ಫೀಲ್ಡ್ ಆಫೀಸರ್, ಸಹಾಯಕ ಮ್ಯಾನೇಜರ್‌ಗಳಿಗೆ. ಅದರಲ್ಲೂ ರೈಟರ್ ಕೈಯಲ್ಲಿರುವ ಕೆಲಸದ ಸ್ವರೂಪ ಹೊರಗಿನವರಿಗೆ ಅಷ್ಟು ಗೊತ್ತಿರುವುದಿಲ್ಲ. ದಿನದ ಚೆಕ್‌ರೋಲ್, ವಾರದ ಬಟವಾಡೆ, ಕೊಯ್ಲಿಗೆಂದು ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದವರಿಗೆ ಕೊಟ್ಟ ಮುಂಗಡ, ಯಾರ ಚೀಲ ಎಷ್ಟು ಕೆ.ಜಿ. ತೂಗಿತು, ಕಣದಲ್ಲಿ ಒಣಗಿದ ಚೆರ್ರಿ ಎಷ್ಟು, ಪಲ್ಪ್ ಆಗಿ ಒಣಗಿದ ಪಾರ್ಚ್‌ಮೆಂಟ್ ಎಷ್ಟು, ಅದರಲ್ಲಿ ಕ್ಯೂರಿಂಗ್ ವರ್ಕ್ಸ್‌ಗೆ ಹೋದದ್ದೆಷ್ಟು, ಎಲ್ಲವೂ ಒಬ್ಬರ ಕೈಬರಹದಲ್ಲಿರುತ್ತದೆ. ಮುಂಗಡದ ಲೆಕ್ಕ ತೀರುವ ಮೊದಲೇ ರೈಟರ್ ಹೊರಟರೆ ಕೂಲಿಯವರು ಒಂದು ಹೇಳುತ್ತಾರೆ, ಪುಸ್ತಕ ಇನ್ನೊಂದು ಹೇಳುತ್ತದೆ, ಎರಡರ ನಡುವೆ ತೀರ್ಮಾನ ಹೇಳಬಲ್ಲವರು ಇರುವುದಿಲ್ಲ. ಮಾಲೀಕರು ಅಥವಾ ಕಂಪನಿ ಹೆದರುವುದು ಇದಕ್ಕೆ. ಬಿಡುಗಡೆ ಬೇಡುವವರು ಹೋಗುತ್ತಿರುವುದು ಯಾವ ಊರಿಗೆ, ಅಲ್ಲಿ ಸಂಬಳ ಎಷ್ಟು ಹೆಚ್ಚು ಎನ್ನುವುದರಿಂದ ಈ ಹೆದರಿಕೆ ಒಂದು ಎಳೆಯಷ್ಟೂ ಕಡಿಮೆಯಾಗುವುದಿಲ್ಲ. ಯಾವ ಪುಸ್ತಕ ಯಾವ ದಿನಕ್ಕೆ ಮುಗಿಯುತ್ತದೆ, ಯಾರಿಗೆ ಚಾರ್ಜ್ ಕೊಡಲಾಗುತ್ತದೆ ಎಂಬ ಎರಡು ಸಾಲಿನಿಂದ ಕಡಿಮೆಯಾಗುತ್ತದೆ. ಇನ್ನೂ ಒಂದು ಮಾತಿದೆ. ದೊಡ್ಡ ತೋಟಗಳಲ್ಲಿ ದಿನವೂ ಮುಖ ನೋಡುವ ಮ್ಯಾನೇಜರ್ ಒಬ್ಬರು, ಬಿಡುಗಡೆಗೆ ಸಹಿ ಹಾಕುವವರು ಬೆಂಗಳೂರಿನದೋ ಮಂಗಳೂರಿನದೋ ಆಫೀಸಿನಲ್ಲಿ ಕೂತ ಇನ್ನೊಬ್ಬರು. ಮ್ಯಾನೇಜರ್ ಆ ಮೇಲ್ ಅನ್ನು ಮೇಲಕ್ಕೆ ಕಳುಹಿಸುತ್ತಾರೆ. ತೋಟವನ್ನು ಕಣ್ಣಾರೆ ಕಾಣದವರು ಅದನ್ನು ಫೋನಿನ ಪರದೆಯ ಮೇಲೆ ಒಮ್ಮೆ ಓದಿ ಹೂಂ ಅಥವಾ ಊಹೂಂ ಎನ್ನುವಂತಿರಬೇಕು.

ಕಾನೂನು ಯಾರ ಕೈಗೆ ಎಷ್ಟು ಬಲ ಕೊಟ್ಟಿದೆ ಎಂದು ತಿಳಿದರೆ ಪತ್ರದ ಧಾಟಿ ತಾನಾಗಿ ಸರಿಹೋಗುತ್ತದೆ. ನೋಟಿಸ್ ಎಂಬುದು ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದ ಕರಾರು, ಆದ್ದರಿಂದ ಅವಧಿಗೆ ಮುಂಚೆ ಬಿಡಿ ಎನ್ನುವುದು ಹಕ್ಕಿನ ಮಾತಲ್ಲ, ಕೋರಿಕೆ. ಅದೇ ಹೊತ್ತಿಗೆ, ಮನಸ್ಸಿಲ್ಲದವರನ್ನು ಹಿಡಿದು ದುಡಿಸುವಂತೆ ಯಾವ ಕೋರ್ಟೂ ಆದೇಶಿಸುವುದಿಲ್ಲ. ವ್ಯಕ್ತಿಗತ ಸೇವೆಯ ಕರಾರನ್ನು ಹಾಗೆಯೇ ಜಾರಿ ಮಾಡಿಸಲಾಗದು ಎಂಬುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಬೇರೂರಿದ ತತ್ವ. ಕರಾರು ಮುರಿದವರಿಂದ ಮಾಲೀಕರು ಕೇಳಬಹುದಾದದ್ದು ಹಣ, ಅದೂ ಕರಾರಿನಲ್ಲಿ ನಮೂದಾದ ಮೊತ್ತವನ್ನು ಮೀರದ, ನ್ಯಾಯವೆನಿಸುವ ಪರಿಹಾರ. 1872ರ ಕರಾರು ಕಾಯ್ದೆಯ 74ನೇ ಕಲಮು ಹೇಳುವುದು ಇದನ್ನೇ. ಹಾಗೆಂದು ಹಣದ ಷರತ್ತನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ರಾಜ್ಯದಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವನ್ನು ನೋಡಿ. ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ಸರಿಯೆಂದು ಎತ್ತಿಹಿಡಿಯಿತು. ಅದು ಸಾರ್ವಜನಿಕ ಬ್ಯಾಂಕು, ಒಬ್ಬರು ಹೊರಟರೆ ಮತ್ತೆ ದೀರ್ಘ ನೇಮಕಾತಿ ಪ್ರಕ್ರಿಯೆಯನ್ನೇ ನಡೆಸಬೇಕು ಎನ್ನುವುದು ತೀರ್ಪಿನ ಆಧಾರಗಳಲ್ಲಿ ಒಂದು. ಅದನ್ನು ಯಥಾವತ್ತಾಗಿ ತೋಟಕ್ಕೆ ಅನ್ವಯಿಸಬೇಕಿಲ್ಲ, ಆದರೆ ‘ಇಂಥ ಷರತ್ತೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ’ ಎಂಬ ಕಟ್ಟೆಮಾತನ್ನು ನಂಬಿ ಹೆಜ್ಜೆಯಿಡುವುದೂ ಬೇಡ. ಒಟ್ಟಿನಲ್ಲಿ ಮಾಲೀಕರು ಹಿಡಿದಿಡಲಾರರು, ನೌಕರರು ಬಲವಂತವಾಗಿ ಬಿಡಿಸಿಕೊಳ್ಳಲಾರರು. ಉಳಿಯುವುದು ಮಾತುಕತೆಯೊಂದೇ, ಆ ಮಾತುಕತೆಯ ದಾಖಲೆಯೇ ಈ ಮೇಲ್.

ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡೋಣ. ಮೂಡಿಗೆರೆ ಕಡೆಯ ಒಂದು ಕಂಪನಿ ತೋಟದ ರೈಟರ್ ಎಂದಿಟ್ಟುಕೊಳ್ಳಿ. ಕೆಲಸಕ್ಕೆ ಸೇರಿದ್ದು 2021ರ ಮಾರ್ಚ್ 1. ತಿಂಗಳಿಗೆ ಒಟ್ಟು 30,000 ರೂಪಾಯಿ ಸಂಬಳ, ಅದರಲ್ಲಿ ಮೂಲವೇತನ 18,000. ನೋಟಿಸ್ 60 ದಿನ, ಉಳಿದಿರುವ ಗಳಿಕೆ ರಜೆ 12 ದಿನ. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೊಸ ಕೆಲಸ ಸಿಕ್ಕಿದೆ, ಫೆಬ್ರವರಿ 16ರ ಸೋಮವಾರ ಬಂದು ಸೇರಿ ಎಂದಿದ್ದಾರೆ. ಇವರು 2026ರ ಜನವರಿ 5ರಂದು ರಾಜೀನಾಮೆ ಕೊಟ್ಟರು. ಮರುದಿನದಿಂದ ಎಣಿಸಿದರೆ ಜನವರಿಯಲ್ಲಿ 26, ಫೆಬ್ರವರಿಯಲ್ಲಿ 28, ಮಾರ್ಚ್‌ನಲ್ಲಿ 6. ಹೀಗೆ 60 ದಿನ ಮುಗಿಯುವುದು ಮಾರ್ಚ್ 6ಕ್ಕೆ. ಫೆಬ್ರವರಿ 14ಕ್ಕೇ ಬಿಡುಗಡೆ ಕೇಳಿದರೆ 20 ದಿನ ಕೊರತೆ ಬೀಳುತ್ತದೆ. ರಜೆಯ 12 ದಿನಗಳನ್ನು ಅದಕ್ಕೆ ಹೊಂದಿಸಿದರೂ 8 ದಿನ ಬಾಕಿ. ಆ 8 ದಿನಗಳಿಗೆ ಹಣ ಕಟ್ಟಬೇಕೆಂದರೆ ಒಟ್ಟು ಸಂಬಳದ ಲೆಕ್ಕದಲ್ಲಿ 8,000 ರೂಪಾಯಿ, ಮೂಲವೇತನದ ಲೆಕ್ಕದಲ್ಲಿ 4,800. ಇವೆರಡರಲ್ಲಿ ಯಾವುದು ಎಂಬುದನ್ನು ನೇಮಕಾತಿ ಪತ್ರದ ಪದಗಳೇ ತೀರ್ಮಾನಿಸುತ್ತವೆ, ಆದ್ದರಿಂದ ಮೇಲ್ ಬರೆಯುವ ಮೊದಲು ಆ ಪತ್ರವನ್ನು ಹುಡುಕಿ ತೆಗೆಯುವುದು ಮೊದಲ ಕೆಲಸ. ತೋಟದ ಕಡೆಯಿಂದ ನೋಡಿದರೆ ಫೆಬ್ರವರಿ 14 ಇನ್ನೂ ಕೆಟ್ಟ ದಿನ. ರೊಬಸ್ಟಾ ಹಣ್ಣು ಇನ್ನೂ ಗಿಡದ ಮೇಲಿರುತ್ತದೆ, ಕಣ ತುಂಬಿರುತ್ತದೆ, ಮುಂಗಡಗಳು ತೀರಿರುವುದಿಲ್ಲ.

ಇಷ್ಟರಲ್ಲೇ ಬಹಳಷ್ಟು ಮಂದಿ ಗಮನಿಸದ ಒಂದು ಕುಣಿಕೆಯಿದೆ. ಈ ರೈಟರ್‌ಗೆ 5 ವರ್ಷ ಸೇವೆ ಭರ್ತಿಯಾಗುವುದು ಫೆಬ್ರವರಿ 28ಕ್ಕೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು 5 ವರ್ಷ ನಿರಂತರ ಸೇವೆ ಬೇಕು. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನ ಎಂಬ ಸೂತ್ರದಲ್ಲಿ 18,000 ಅನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 5 ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 51,900 ರೂಪಾಯಿ. 4 ವರ್ಷ 240 ದಿನ ಆದರೂ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹಿಂದೆ ಹೇಳಿದ್ದುಂಟು. ಆ ತೀರ್ಪನ್ನು ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಅಲೆಯುವುದಕ್ಕಿಂತ 14 ದಿನ ಕಾಯುವುದು ಸುಲಭ. ಎಂದರೆ ಈ ಪ್ರಕರಣದಲ್ಲಿ ಮೊದಲ ಕೋರಿಕೆ ಹೋಗಬೇಕಾದದ್ದು ಹಳೆಯ ಮಾಲೀಕರಿಗಲ್ಲ, ಹೊಸಬರಿಗೆ: ‘16ರ ಬದಲು ಮಾರ್ಚ್ 2ರ ಸೋಮವಾರ ಸೇರಿಕೊಳ್ಳಲೇ?’ ಆಗಷ್ಟೇ ಆಯ್ಕೆ ಮಾಡಿ ಕರೆದವರು ಎರಡು ವಾರಕ್ಕೆ ಇಲ್ಲವೆನ್ನುವುದು ಅಪರೂಪ. ಕ್ಯೂರಿಂಗ್ ವರ್ಕ್ಸ್‌ನವರಿಗಂತೂ ತೋಟದಿಂದ ಫೆಬ್ರವರಿಯಲ್ಲಿ ಹೊರಬರುವ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅವರು ಹೂಂ ಎಂದರೆ ಹಳೆಯ ತೋಟಕ್ಕೆ ಕೇಳಬೇಕಾದ ದಿನಗಳು 20ರಿಂದ 6ಕ್ಕೆ ಇಳಿಯುತ್ತವೆ. ಆ 6 ದಿನಗಳನ್ನು 12 ದಿನದ ರಜೆಯೇ ನುಂಗುತ್ತದೆ. ಕೈಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ, ಗ್ರಾಚ್ಯುಟಿ ಉಳಿಯುತ್ತದೆ, ಆ ಹೊತ್ತಿಗೆ ತೋಟದಲ್ಲಿ ಕೊಯ್ಲಿನ ಕೊನೆಯ ಸುತ್ತು ಮುಗಿದು ಲೆಕ್ಕ ಕಟ್ಟುವ ಹಂತ ಬಂದಿರುತ್ತದೆ. ಇಷ್ಟು ಲೆಕ್ಕ ಮುಗಿದ ಮೇಲೆ ಬರೆಯಲು ಉಳಿಯುವುದು ಇಷ್ಟೇ:

‘ವಿಷಯ: ಫೆಬ್ರವರಿ 28ರಂದು ಸೇವೆಯಿಂದ ಬಿಡುಗಡೆಗೆ ಕೋರಿಕೆ

ಮಾನ್ಯರೆ,

ಜನವರಿ 5ರ ನನ್ನ ರಾಜೀನಾಮೆಯ ಪ್ರಕಾರ ನೋಟಿಸ್ ಅವಧಿ ಮಾರ್ಚ್ 6ಕ್ಕೆ ಮುಗಿಯುತ್ತದೆ. ಫೆಬ್ರವರಿ 28ರ ಕೆಲಸದ ಅವಧಿ ಮುಗಿದ ಮೇಲೆ ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಕಡಿಮೆ ಬೀಳುವ 6 ದಿನಗಳನ್ನು ನನ್ನ ಖಾತೆಯಲ್ಲಿರುವ 12 ದಿನಗಳ ಗಳಿಕೆ ರಜೆಯಿಂದ ಹೊಂದಿಸಿಕೊಳ್ಳಬಹುದು.

ಕೊಯ್ಲಿನ ಚೆಕ್‌ರೋಲ್ ಮತ್ತು ಮುಂಗಡದ ಲೆಕ್ಕವನ್ನು ಫೆಬ್ರವರಿ 21ರೊಳಗೆ ಮುಗಿಸಿ ಸಹಿ ಪಡೆಯುತ್ತೇನೆ. ಚೆರ್ರಿ, ಪಾರ್ಚ್‌ಮೆಂಟ್ ದಾಸ್ತಾನನ್ನು ರವಾನೆ ಚೀಟಿಗಳೊಂದಿಗೆ ತಾಳೆ ಹಾಕಿ 26ರಂದು ಎರಡನೇ ರೈಟರ್‌ಗೆ ಚಾರ್ಜ್ ಕೊಡುತ್ತೇನೆ. ಈ ವ್ಯವಸ್ಥೆಯನ್ನು ಮ್ಯಾನೇಜರ್ ಸಾಹೇಬರೊಂದಿಗೆ ಮಾತನಾಡಿದ್ದೇನೆ. ಮಾರ್ಚ್ 6ರವರೆಗೆ ಲೆಕ್ಕದ ಪ್ರಶ್ನೆಗಳಿಗೆ ಫೋನಿನಲ್ಲಿ ಸಿಗುತ್ತೇನೆ.

ತಮ್ಮ ಒಪ್ಪಿಗೆಯನ್ನು ಈ ಮೇಲ್‌ಗೆ ಉತ್ತರವಾಗಿ ಜನವರಿ 20ರೊಳಗೆ ತಿಳಿಸಬೇಕೆಂದು ವಿನಂತಿ.’

ಇದರಲ್ಲಿ ‘ಆದಷ್ಟು ಬೇಗ’ ಎಂಬ ಮಾತಿಲ್ಲ ಎಂಬುದನ್ನು ಗಮನಿಸಿ. ಸಭ್ಯವಾಗಿ ಕೇಳಿಸುವ ಆ ಎರಡು ಪದ ಅಪಾಯಕಾರಿ. ಆದಷ್ಟು ಬೇಗ ಬಿಡಿ ಎಂದವರನ್ನು ನಾಳೆಯೇ ಬಿಟ್ಟರೆ ತಕರಾರು ತೆಗೆಯಲು ಬಾಯಿರುವುದಿಲ್ಲ. ಮೇಲಿನ ಉದಾಹರಣೆಯ ರೈಟರ್‌ಗೆ ಜನವರಿ ಕೊನೆಗೇ ಲೆಕ್ಕ ಚುಕ್ತಾ ಆದರೆ ಒಂದು ತಿಂಗಳ ಸಂಬಳದ ಜೊತೆಗೆ ಗ್ರಾಚ್ಯುಟಿಯೂ ಕೈತಪ್ಪುತ್ತದೆ. ತಾರೀಖು ಬರೆದರೆ ಕೋರಿಕೆಗೆ ಎರಡೂ ಕಡೆ ಬೇಲಿ ಹಾಕಿದಂತೆ. ‘ಸೇವೆಯಿಂದ ಬಿಡುಗಡೆ’ ಎಂಬ ಪದವೂ ಬೇಕೆಂದೇ ಆರಿಸಿದ್ದು. ‘28ರಿಂದ ರಜೆಯ ಮೇಲೆ ಹೋಗುತ್ತೇನೆ’ ಎಂದು ಬರೆದರೆ ಅರ್ಥವೇ ಬದಲಾಗುತ್ತದೆ. ಆಗ ಮಾರ್ಚ್ 6ರವರೆಗೂ ಹಳೆಯ ಕಂಪನಿಯ ಹಾಜರಿಯಲ್ಲೇ ಹೆಸರಿರುತ್ತದೆ, ಮಾರ್ಚ್ 2ರಿಂದ ಹೊಸ ಕಂಪನಿಯಲ್ಲೂ ಇರುತ್ತದೆ. ಪಿ.ಎಫ್. ದಾಖಲೆಯಲ್ಲಿ ಒಂದೇ ವ್ಯಕ್ತಿ ಐದು ದಿನ ಎರಡು ಕಡೆ ದುಡಿದಂತೆ ಕಾಣಿಸಿ, ಹಣ ವರ್ಗಾಯಿಸುವಾಗ ತೊಡಕು ಹುಟ್ಟುತ್ತದೆ. ರಜೆಯನ್ನು ಕೊರತೆಗೆ ಹೊಂದಿಸುವುದು ಬೇರೆ, ರಜೆಯಲ್ಲಿ ಇರುವುದು ಬೇರೆ. ಕೆಲವು ಕಂಪನಿಗಳ ನಿಯಮದಲ್ಲಿ ನೋಟಿಸ್ ಅವಧಿಗೆ ರಜೆ ಹೊಂದಿಸುವಂತಿಲ್ಲ ಎಂದೇ ಇರುತ್ತದೆ. ಅಂಥ ಕಡೆ ಆ ಸಾಲನ್ನು ಬದಲಿಸಿ, ‘6 ದಿನಗಳ ನೋಟಿಸ್ ವೇತನವನ್ನು ಅಂತಿಮ ಲೆಕ್ಕದಲ್ಲಿ ಕಡಿತ ಮಾಡಿಕೊಳ್ಳಬಹುದು’ ಎಂದು ಬರೆಯಬೇಕಾಗುತ್ತದೆ.

ಈ ಊರುಗಳನ್ನು ಬಲ್ಲವರು ಇಲ್ಲೊಂದು ಆಕ್ಷೇಪ ಎತ್ತಬಹುದು, ಅದರಲ್ಲಿ ಹುರುಳೂ ಇದೆ. ಮಾಲೀಕರ ಮನೆಯ ಮದುವೆಗೆ ಓಡಾಡಿದವರು, ಕಷ್ಟಕಾಲದಲ್ಲಿ ಆಸ್ಪತ್ರೆ ಖರ್ಚು ಪಡೆದವರು, ತೋಟದ ಕ್ವಾರ್ಟರ್ಸ್‌ನಲ್ಲೇ ಮಕ್ಕಳನ್ನು ಬೆಳೆಸಿದವರು ಹತ್ತು ಸಾಲಿನ ಒಣ ಕಾಗದ ಕಳುಹಿಸಿದರೆ ಅದು ಮುಖಕ್ಕೆ ಹೊಡೆದಂತಾಗುವುದಿಲ್ಲವೇ? ಮೇಲ್ ಒಂದೇ ಹೋದರೆ ಖಂಡಿತ ಆಗುತ್ತದೆ. ಅದಕ್ಕೇ ಪತ್ರದಲ್ಲಿ ‘ಮಾತನಾಡಿದ್ದೇನೆ’ ಎಂಬ ಸಾಲಿದೆ. ಋಣದ ಮಾತು, ಕಣ್ಣೀರು, ಮನೆಯ ತಾಪತ್ರಯ, ಎಲ್ಲಕ್ಕೂ ಜಾಗ ಮ್ಯಾನೇಜರ್ ಅಥವಾ ಮಾಲೀಕರ ಎದುರಿನ ಕುರ್ಚಿ. ಅಲ್ಲಿ ಎಷ್ಟು ಹೊತ್ತಾದರೂ ಕೂತು ಮಾತನಾಡಬಹುದು. ಆ ಮಾತು ಮುಗಿದ ದಿನವೇ, ಆದ ಮಾತನ್ನು ಮಾತ್ರ ಬರಹಕ್ಕಿಳಿಸುವುದು ಮೇಲ್‌ನ ಕೆಲಸ. ಅಣ್ಣಾ ಎಂದು ಕರೆಯುವಷ್ಟು ಸಲುಗೆ ಇದ್ದರೂ ಮೇಲ್‌ನಲ್ಲಿ ‘ಮಾನ್ಯರೆ’ ಎಂದೇ ಇರಲಿ. ಅದನ್ನು ಓದಿ ಕಡತಕ್ಕೆ ಸೇರಿಸುವ ಆಫೀಸಿನವರಿಗೆ ಆ ಸಲುಗೆ ತಿಳಿಯದು.

ಕಾರಣವನ್ನು ಒಂದು ಸಾಲಾದರೂ ಹೇಳಬೇಡವೇ ಎಂದು ಕೇಳುವವರೂ ಇದ್ದಾರೆ. ತಾಯಿಯ ಶಸ್ತ್ರಚಿಕಿತ್ಸೆ, ಮಗುವಿನ ಶಾಲೆ ಎಂದರೆ ಮನಸ್ಸು ಕರಗುತ್ತದೆ ಎಂಬುದು ಅವರ ಅನುಭವ. ಕರಗಬಹುದು, ಆದರೆ ಕಾರಣ ಕೊಟ್ಟ ಕೂಡಲೇ ಚರ್ಚೆ ಕಾರಣದ ಮೇಲೆ ತಿರುಗುತ್ತದೆ. ಶಸ್ತ್ರಚಿಕಿತ್ಸೆಗೆ ಒಂದು ವಾರ ರಜೆ ಸಾಕಲ್ಲ, ಶಾಲೆ ಶುರುವಾಗುವುದು ಜೂನ್‌ನಲ್ಲಲ್ಲವೇ ಎಂಬ ಮರುಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಹೋದರೆ ಫೆಬ್ರವರಿ 28 ಎಂಬ ತಾರೀಖು ಮಾತಿನ ಅಡಿಯಲ್ಲಿ ಹೂತುಹೋಗುತ್ತದೆ. ಹೊಸ ಕೆಲಸಕ್ಕೆ ಹೊರಟವರು ಆರೋಗ್ಯದ ನೆಪ ಬರೆಯುವುದಂತೂ ದೊಡ್ಡ ತಪ್ಪು. ಗುಡ್ಡದ ಈ ತುದಿಯ ಸುದ್ದಿ ಆ ತುದಿಗೆ ತಲುಪಲು ಒಂದು ಸಂತೆಯ ದಿನ ಸಾಕು, ಮತ್ತೆ ಆ ಮೇಲ್ ಸುಳ್ಳಿನ ದಾಖಲೆಯಾಗಿ ಉಳಿಯುತ್ತದೆ. ನಿಜಕ್ಕೂ ತುರ್ತು ಅನಾರೋಗ್ಯವಿದ್ದರೆ ಮಾತ್ರ ವಿಷಯ ಬೇರೆ. ಆಗ ಕಾರಣವೇ ಕೋರಿಕೆಯ ಆಧಾರ, ಒಂದು ಸಾಲು ಬರೆದು ವೈದ್ಯರ ಚೀಟಿ ಲಗತ್ತಿಸಬೇಕು.

‘ಇಷ್ಟೆಲ್ಲ ಏಕೆ, ಬಾಕಿ ದಿನದ ಹಣ ಎಸೆದು ಹೊರಟರಾಯಿತು’ ಎನ್ನುವವರ ವಾದವನ್ನೂ ನೋಡಬೇಕು. ಮಾದರಿ ಸ್ಥಾಯಿ ಆದೇಶಗಳು ಅನ್ವಯಿಸಿದ ಕಡೆ ತಿಂಗಳ ಸಂಬಳದ ಕಾಯಂ ಕಾರ್ಮಿಕರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ವೇತನ ಎಂಬ ದಾರಿ ಬಹುಕಾಲದಿಂದ ಇದ್ದದ್ದೇ. ಆದರೆ ಮ್ಯಾನೇಜರ್ ದರ್ಜೆಯವರನ್ನು ಆಳುವುದು ಅವರವರ ನೇಮಕಾತಿ ಪತ್ರ. ಅದರಲ್ಲಿ ಎಷ್ಟೋ ಸಲ ಹಣ ಪಡೆದು ಬಿಡುವ ಆಯ್ಕೆ ಕಂಪನಿಯ ವಿವೇಚನೆಗೆ ಸೇರಿದ್ದು ಎಂದಿರುತ್ತದೆ. ಅಂಥ ಷರತ್ತಿದ್ದಾಗ ಹಣ ಕಟ್ಟಿದ ಮಾತ್ರಕ್ಕೆ ಬಿಡುಗಡೆ ಆದಂತಲ್ಲ, ಒಪ್ಪಿಗೆಯೂ ಬೇಕು. ಹಣ ಕಟ್ಟುವುದೇ ತೀರ್ಮಾನವಾದರೆ ತಿಳಿದಿರಬೇಕಾದ ಚಿಕ್ಕ ವಿಷಯವೊಂದಿದೆ. ನೋಟಿಸ್ ವೇತನದ ಮೇಲೆ ಜಿ.ಎಸ್.ಟಿ. ಸೇರಿಸಿ ವಸೂಲು ಮಾಡುವ ರೂಢಿ ಕೆಲವು ಕಡೆ ಶುರುವಾಗಿತ್ತು, ಅದು ತೆರಿಗೆಗೆ ಒಳಪಡುವುದಿಲ್ಲವೆಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅಂತಿಮ ಲೆಕ್ಕದಲ್ಲಿ ಆ ಶೇಕಡಾ 18 ಕಂಡರೆ ಪ್ರಶ್ನಿಸಬಹುದು.

ಕಳುಹಿಸಿದ ಮೇಲೆ ಕೆಲಸ ಆಯಿತೋ ಇಲ್ಲವೋ ಎಂದು ತಿಳಿಯುವುದು ಉತ್ತರದಿಂದ. ‘ನೋಡೋಣ’, ‘ಗಮನಿಸಲಾಗಿದೆ’, ಅಥವಾ ಫೋನಿನಲ್ಲಿ ‘ಹೋಗಪ್ಪ, ತೊಂದರೆ ಇಲ್ಲ’ ಎಂಬ ಯಾವುದೂ ಬಿಡುಗಡೆಯಲ್ಲ. ಮೌನವಂತೂ ಒಪ್ಪಿಗೆಯಾಗುವುದೇ ಇಲ್ಲ. ಮೌನ ಮುಂದುವರಿದಷ್ಟು ಕಾಲ ಮಾರ್ಚ್ 6ರ ತಾರೀಖೇ ಜಾರಿಯಲ್ಲಿರುತ್ತದೆ. ಉತ್ತರದಲ್ಲಿ ಎರಡು ವಿಷಯ ಸ್ಪಷ್ಟವಾಗಿರಬೇಕು: ಬಿಡುಗಡೆಯ ತಾರೀಖು, ಕೊರತೆಯ 6 ದಿನಗಳಿಗೆ ಏನು ಮಾಡಲಾಯಿತು ಎಂಬುದು. ಫೋನಿನಲ್ಲಿ ಒಪ್ಪಿಗೆ ಸಿಕ್ಕಿದ್ದರೆ ಅದೇ ಸಂಜೆ, ‘ಇಂದು ಫೋನಿನಲ್ಲಿ ತಾವು ಒಪ್ಪಿದಂತೆ ಫೆಬ್ರವರಿ 28 ನನ್ನ ಸೇವೆಯ ಕೊನೆಯ ದಿನ’ ಎಂದು ಹಳೆಯ ಮೇಲ್‌ನ ಕೆಳಗೇ ಒಂದು ಸಾಲು ಬರೆದು ಕಳುಹಿಸಿದರೆ ಸಾಕು. ಜನವರಿ 20 ಕಳೆದರೂ ಉತ್ತರ ಬಾರದಿದ್ದರೆ ಅದೇ ಮೇಲ್ ಅನ್ನು ಎರಡು ಸಾಲಿನ ನೆನಪೋಲೆಯೊಂದಿಗೆ ಮತ್ತೆ ಕಳುಹಿಸಿ, ಮ್ಯಾನೇಜರ್ ಬಳಿ ಹೋಗಿ ಕೇಳಬೇಕು. ಅಲ್ಲಿಯತನಕ ಹೊಸ ಜಾಗಕ್ಕೆ ಮಾರ್ಚ್ 2 ಖಚಿತ ಎಂದು ಮಾತು ಕೊಡಬಾರದು. ಇಲ್ಲವೆಂಬ ಉತ್ತರವೇ ಬಂದರೆ ಅದರಲ್ಲಿ ಯಾವ ಕೆಲಸದ ಹೆಸರಿದೆ ಎಂದು ನೋಡಿ. ‘ಸ್ಪ್ರಿಂಕ್ಲರ್ ಮುಗಿಯಲಿ’ ಎಂದಿದ್ದರೆ ಅದು ಪೂರ್ತಿ ನಿರಾಕರಣೆಯಲ್ಲ, ಆ ಕೆಲಸದ ಡೀಸೆಲ್ ಮತ್ತು ಪಂಪಿನ ಲೆಕ್ಕವನ್ನು ಯಾರು ಬರೆಯುತ್ತಾರೆ ಎಂಬ ಪ್ರಶ್ನೆ. ಹೆಸರು ಹೇಳಿ ಉತ್ತರಿಸಿದರೆ ಬಾಗಿಲು ಮತ್ತೆ ತೆರೆಯುವ ಸಾಧ್ಯತೆ ಇದೆ. ಒಪ್ಪಿಗೆ ಬಂದು, 28ರ ಸಂಜೆ ಪುಸ್ತಕಗಳನ್ನು ಒಪ್ಪಿಸಿ ಸಹಿ ಪಡೆದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ರಿಲೀವಿಂಗ್ ಲೆಟರ್‌ನಲ್ಲಿರುವ ತಾರೀಖೂ, ಕಂಪನಿ ಪಿ.ಎಫ್. ಖಾತೆಯಲ್ಲಿ ನಮೂದಿಸುವ ನಿರ್ಗಮನದ ತಾರೀಖೂ ಫೆಬ್ರವರಿ 28 ಎಂದೇ ಇವೆಯೇ ಎಂದು ನೋಡಿಕೊಳ್ಳಬೇಕು. ಆಫೀಸಿನವರು ಹಳೆಯ ರಾಜೀನಾಮೆ ಪತ್ರವನ್ನು ನೋಡಿ ಮಾರ್ಚ್ 6 ಎಂದು ಹಾಕಿಬಿಟ್ಟಿದ್ದರೆ, ತಿದ್ದಿಸಲು ಕೈಯಲ್ಲಿರುವ ಆಧಾರ ಆ ಹತ್ತು ಸಾಲಿನ ಮೇಲ್ ಮತ್ತು ಅದರ ಕೆಳಗಿನ ಉತ್ತರ.